ಮೊದಲ ಟ್ರೇ ಒಂದನ್ನೇ ಯಾಕೆ ಇಡುತ್ತೇವೆ: ಖಾರಾ ಬಿಸ್ಕತ್ತಿನ ಲೆಕ್ಕ

ಗಂಗಾವತಿಯ ನಮ್ಮ ಬೇಕರಿಯಲ್ಲಿ ಇನ್ನೂ ಕಟ್ಟಿಗೆ ಭಟ್ಟಿಯೇ ಇದೆ. ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಮೇ ತಿಂಗಳ ಒಂದು ಬೆಳಗ್ಗೆ ಕೇಳಿದ: "ಅಣ್ಣಾ, ಹತ್ತು ಟ್ರೇ ತಯಾರ ಅದಾವ, ಒಂದ ಯಾಕ ಇಡತೀರಿ? ಎಲ್ಲಾ ಒಮ್ಮೆಲೆ ಇಟ್ರ ಲಗೂನ ಮುಗೀತೈತಿ."

ಭಟ್ಟಿ, ಹಿಟ್ಟು ಎರಡೂ ಸರಿ ಇವೆಯಾ ಎಂದು ಮೊದಲು ಪರೀಕ್ಷೆ ಮಾಡಬೇಕು, ಅದಕ್ಕೆ ಒಂದೇ ಸಾಕು ಅಂದಾಗ, ಹಾಗಾದರೆ ನಾಕೇ ಬಿಸ್ಕತ್ತು ಇಟ್ಟು ನೋಡೋಣ, ಮಾಲು ಉಳೀತೈತಿ ಅಂದ. ಅದೂ ಆಗುವುದಿಲ್ಲ. ಖಾಲಿ ಟ್ರೇಯ ತಗಡು ಬೇಗ ಕಾಯುತ್ತದೆ, ಬಿಸ್ಕತ್ತಿನಿಂದ ಹೊರಬರುವ ಹಬೆಯೂ ಕಡಿಮೆ. ಆ ನಾಲ್ಕು ಬೇಗ ಕೆಂಪಾಗಿ, ಭಟ್ಟಿ ಹೆಚ್ಚು ಕಾದಿದೆ ಎಂದು ಸುಳ್ಳು ಹೇಳುತ್ತವೆ. ಪರೀಕ್ಷೆಯ ಟ್ರೇಯಲ್ಲೂ ಉಳಿದವುಗಳಂತೆ 48 ಬಿಸ್ಕತ್ತು ಇರಲೇಬೇಕು.

ಆ ದಿನದ ಹಿಟ್ಟು ಹೀಗಿತ್ತು: ಮೈದಾ 5 ಕಿಲೋ, ಡಾಲ್ಡಾ 2 ಕಿಲೋ, ಸಕ್ಕರೆ ಪುಡಿ ಅರ್ಧ ಕಿಲೋ, ಉಪ್ಪು 100 ಗ್ರಾಂ, ಅಡುಗೆ ಸೋಡಾ 25 ಗ್ರಾಂ, ಹಸಿಮೆಣಸಿನಕಾಯಿ ಕಾಲು ಕಿಲೋ, ಕೊತ್ತಂಬರಿ, ಕರಿಬೇವು, ಕಲಸಲು ಸುಮಾರು ಅರ್ಧ ಲೀಟರ್ ಮೊಸರು. ಲಟ್ಟಿಸಿದ ದಪ್ಪ 8 ಮಿ.ಮೀ. ಭಟ್ಟಿಗೆ ಎರಡೂವರೆ ತಾಸು ಕಟ್ಟಿಗೆ ಉರಿಸಿ, ಕೆಂಡ ಎಳೆದು, ಬಾಗಿಲು ಮುಚ್ಚಿ ಅರ್ಧ ತಾಸು ಬಿಟ್ಟಿದ್ದೆವು.

18 ನಿಮಿಷಕ್ಕೆ ಮೊದಲ ಟ್ರೇ ಹೊರಬಂತು. ಹುಡುಗ ಒಂದನ್ನು ಮುರಿಯಲು ಹೋದ, ಅದು ಬಾಗಿತು. "ಹಸೀ ಐತ್ರಿ, ಇನ್ನೊಂದೀಟು ಒಳಗ ಇಡೂಣು" ಅಂದ. ಬಿಸಿಯಲ್ಲಿ ಎಲ್ಲಾ ಬಿಸ್ಕತ್ತೂ ಬಾಗುತ್ತದೆ, ಯಾಕೆಂದರೆ ಒಳಗಿನ ಡಾಲ್ಡಾ ಇನ್ನೂ ಕರಗಿಯೇ ಇರುತ್ತದೆ. ಹತ್ತು ನಿಮಿಷ ಆರಿದ ಮೇಲೆ ಮುರಿದರೆ ಟಕ್ ಅನ್ನಬೇಕು, ಒಳಪದರದಲ್ಲಿ ಕಪ್ಪಗಿನ ಒದ್ದೆ ಗೆರೆ ಕಾಣಬಾರದು. ಆ ದಿನ ಆರಿದ ಮೇಲೆ ಟಕ್ ಅಂದಿತು. ಬೇಯುವುದರಲ್ಲಿ ಕೊರತೆ ಇರಲಿಲ್ಲ, ತಪ್ಪು ಬೇರೆ ಕಡೆ ಇತ್ತು.

ಎಡಕ್ಕೆ ಹಿಂದಿನ ಮೂಲೆಯ ಐದಾರು ಬಿಸ್ಕತ್ತಿನ ತಳ ಕಂದು ದಾಟಿ ಕಪ್ಪಿಗೆ ತಿರುಗಿತ್ತು, ಮೇಲ್ಭಾಗ ಮಾತ್ರ ಬಿಳಿಚಿಕೊಂಡಿತ್ತು. ಜೊತೆಗೆ ಎಲ್ಲಾ 48ರ ಅಂಚೂ ಹರಡಿ ತೆಳುವಾಗಿತ್ತು. ಹುಡುಗ ಎರಡನ್ನೂ ಭಟ್ಟಿಯ ತಲೆಗೆ ಕಟ್ಟಿದ. ಹರಡುವುದಕ್ಕೆ ಭಟ್ಟಿ ಕಾರಣವಾಗಬಹುದು, ನಿಜ: ಕಾವು ಕಡಿಮೆಯಾದರೆ ಮೈದಾ ಗಟ್ಟಿಯಾಗುವ ಮೊದಲೇ ಡಾಲ್ಡಾ ಕರಗಿ ಬಿಸ್ಕತ್ತು ಹರಡುತ್ತದೆ. ಆದರೆ ಹಾಗಿದ್ದರೆ ಕಾದ ಮೂಲೆಯವಾದರೂ ಆಕಾರ ಉಳಿಸಿಕೊಳ್ಳಬೇಕಿತ್ತು. ತಳ ಹೊತ್ತಿದವೂ ಅಷ್ಟೇ ಹರಡಿವೆ ಅಂದಮೇಲೆ ದೋಷ ಹಿಟ್ಟಿನದು.

ಉಳಿದ ಹಿಟ್ಟಿನ ಮೇಲೆ ಹೆಬ್ಬೆರಳು ಒತ್ತಿಸಿದೆ. ಬೆರಳಿಗೆ ಎಣ್ಣೆಯಂತೆ ಮಿನುಗು ಹತ್ತಿತು. ನಮ್ಮ ಕಡೆ ಬೇಸಿಗೆಯಲ್ಲಿ ಹಗಲು 40 ಡಿಗ್ರಿ ದಾಟುತ್ತದೆ, ಅಂಥ ದಿನ ಭಟ್ಟಿ ಪಕ್ಕದ ಮೇಜಿನ ಮೇಲೆ ಡಾಲ್ಡಾ ಬೆಳಗಿನಲ್ಲೇ ಮೆತ್ತಗಾಗುತ್ತದೆ. ಇಂಥ ಹೊತ್ತಲ್ಲಿ ಹುಡುಗರು ಮೊದಲು ಕೈಹಾಕುವುದು ಮೈದಾ ಡಬ್ಬಿಗೆ. ಒಣ ಮೈದಾ ಸೇರಿಸಿ ಮತ್ತೆ ನಾದಿದರೆ ಹಿಟ್ಟಿಗೆ ಜಿಗುಟು ಬಂದು ಬಿಸ್ಕತ್ತು ಕಲ್ಲಾಗುತ್ತದೆ, ಉಪ್ಪು ಖಾರವೂ ಸಪ್ಪೆ. ಬದಲಿಗೆ ಕತ್ತರಿಸಿಟ್ಟ ಒಂಬತ್ತು ಟ್ರೇಗಳನ್ನೂ ಸರದಿಯಂತೆ ಫ್ರಿಜ್ಜಿನಲ್ಲಿ 20 ನಿಮಿಷ ಇಟ್ಟೆವು. ಮರುದಿನದಿಂದ ಮೊಸರನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಹಾಕುವುದು, ಭಟ್ಟಿಯಿಂದ ದೂರದ ಮೇಜಿನಲ್ಲಿ ಲಟ್ಟಿಸುವುದು ಎಂದಾಯಿತು.

ಇನ್ನು ಎಡಮೂಲೆ. ಉರಿಸುವಾಗ ಕಟ್ಟಿಗೆ ಅಲ್ಲೇ ಹೆಚ್ಚು ಒಟ್ಟಿದ್ದರಿಂದ ಆ ಭಾಗದ ಇಟ್ಟಿಗೆ ಹೆಚ್ಚು ಕಾವು ಹಿಡಿದಿತ್ತು. ಗಳಕ್ಕೆ ಒದ್ದೆ ಗೋಣಿ ಸುತ್ತಿ, ಚೆನ್ನಾಗಿ ಹಿಂಡಿ, ಆ ಮೂಲೆಯನ್ನು ಎರಡು ಸಲ ಒರೆಸಿದೆವು. ನೀರು ಸುರಿಯಬಾರದು, ಕಾದ ಇಟ್ಟಿಗೆ ಬಿರುಕು ಬಿಡುತ್ತದೆ. ನಂತರ ಹತ್ತು ನಿಮಿಷ ಬಾಗಿಲು ಮುಚ್ಚಿ, ಎರಡನೇ ಟ್ರೇ ಇಟ್ಟು ಒಂಬತ್ತನೇ ನಿಮಿಷಕ್ಕೆ ಅದರ ದಿಕ್ಕು ತಿರುಗಿಸಿದೆವು. ಈ ಸಲ ಅಂಚು ನಿಂತಿತು, ತಳ ಒಂದೇ ಬಣ್ಣಕ್ಕೆ ಬಂತು. ಕರೆಂಟಿನ ಓವನ್ ಆಗಿದ್ದರೆ ಗೋಣಿಯ ಕೆಲಸ ಇಲ್ಲ, ಆದರೆ ಹೆಬ್ಬೆರಳಿನ ಪರೀಕ್ಷೆ ತಪ್ಪುವುದಿಲ್ಲ.

ಕೆಂಡ ಎಳೆದ ಭಟ್ಟಿ ತಣಿಯುತ್ತಾ ಹೋಗುತ್ತದೆ. ಹಾಗಾಗಿ ಎರಡನೇ ಟ್ರೇಗೆ ಹಿಡಿದ 18 ನಿಮಿಷ ಕೊನೆಯದಕ್ಕೆ ಸಾಲುವುದಿಲ್ಲ. ಹುಡುಗ ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಒಂದೊಂದು ಟ್ರೇಯ ಹೊತ್ತು ಬರೆಯುತ್ತಾ ಹೋದ: 18, 19, 19, 20... ಹತ್ತನೆಯದು 24ಕ್ಕೆ ಬಂತು. ಹರಡಿದ ಆ 48ನ್ನು ಚೂರು ಬಿಸ್ಕತ್ತಿನ ಡಬ್ಬಿಗೆ ಹಾಕಿದೆವು, ತಳ ಕಪ್ಪಾದ ಆರನ್ನು ಬಿಟ್ಟು.