ಲಾಟರಿ ಎತ್ತಿದ್ದು ಶಾಲೆಗಳಿಗೆ, ಮಕ್ಕಳಿಗಲ್ಲ

ಮಕ್ಕಳ ಓದುವ ಸಾಮರ್ಥ್ಯ ಹೆಚ್ಚಿಸುವ ಒಂದು ಕಾರ್ಯಕ್ರಮದ ಮೌಲ್ಯಮಾಪನಕ್ಕೆ ಡೇಟಾ ನೋಡುವ ಕೆಲಸ ನನ್ನದಾಗಿತ್ತು. 8 ಹಳ್ಳಿ, ಹಳ್ಳಿಗೆ 3ರಂತೆ 24 ಶಾಲೆ, ಪ್ರತಿ ಶಾಲೆಯಿಂದ ಆಯ್ದ 50 ಮಕ್ಕಳು. ಒಟ್ಟು 1200. 24 ಶಾಲೆಗಳನ್ನೂ ಒಂದೇ ಪಟ್ಟಿಯಲ್ಲಿಟ್ಟು ಲಾಟರಿ ಎತ್ತಿ, 12ರಲ್ಲಿ ಕಾರ್ಯಕ್ರಮ ನಡೆಸಿದ್ದರು. ವರ್ಷದ ಕೊನೆಗೆ 100 ಅಂಕದ ಪರೀಕ್ಷೆ.

ಮೊದಲ ರಿಗ್ರೆಶನ್‌ನಲ್ಲಿ ಕಾರ್ಯಕ್ರಮದ ಶಾಲೆಗಳ ಮಕ್ಕಳು 4 ಅಂಕ ಮುಂದಿದ್ದರು. ಸ್ಟ್ಯಾಂಡರ್ಡ್ ಎರರ್ 1.15. ಅಂದರೆ ಟಿ ಸುಮಾರು 3.5, ಪಿ-ವ್ಯಾಲ್ಯೂ 0.001ಕ್ಕೂ ಕಡಿಮೆ. ತಂಡದವರೆಲ್ಲ ಖುಷಿಪಟ್ಟರು. ನನಗೆ ಮಾತ್ರ ಆ 1.15 ಎಲ್ಲಿಂದ ಬಂತು ಎನ್ನುವುದು ಕೊರೆಯುತ್ತಿತ್ತು. ಅಂಕಗಳ ಸ್ಟ್ಯಾಂಡರ್ಡ್ ಡೀವಿಯೇಶನ್ 20. ಒಂದೊಂದು ಕಡೆ 600 ಮಕ್ಕಳು. 20ನ್ನು 600ರ ವರ್ಗಮೂಲದಿಂದ ಭಾಗಿಸಿ, ಎರಡು ಗುಂಪಿಗೆ ಸೇರಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಈ ಲೆಕ್ಕ 1200 ಮಕ್ಕಳನ್ನೂ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರು ಎಂದು ಎಣಿಸಿತ್ತು. ಆದರೆ ಒಂದೇ ಶಾಲೆಯ ಮಕ್ಕಳಿಗೆ ಶಿಕ್ಷಕರು ಒಬ್ಬರೇ, ಪುಸ್ತಕ ತಡವಾಗಿ ಬಂದದ್ದೂ ಎಲ್ಲರಿಗೂ ಒಟ್ಟಿಗೇ.

ಒಂದು ಶಾಲೆಯ ರೆಸಿಡ್ಯುಯಲ್‌ಗಳನ್ನು, ಅಂದರೆ ಮಕ್ಕಳ ಅಂಕಕ್ಕೂ ರಿಗ್ರೆಶನ್‌ನ ಅಂದಾಜಿಗೂ ಇರುವ ಅಂತರಗಳನ್ನು, ತೆರೆದು ನೋಡಿದೆ. ಅಲ್ಲಿ ಶಿಕ್ಷಕರು ದೀರ್ಘ ರಜೆಯಲ್ಲಿದ್ದರು. 50 ಮಕ್ಕಳಲ್ಲಿ ಹೆಚ್ಚಿನವರು ಅಂದಾಜಿಗಿಂತ ಕೆಳಗೆ, ಸರಾಸರಿ 8 ಅಂಕ ಕಡಿಮೆ. ಸಾಮಾನ್ಯ ಸೂತ್ರ ಒಂದೊಂದು ಮಗುವಿನ ಕೊರತೆಯನ್ನೂ ಬೇರೆಬೇರೆಯಾಗಿ ವರ್ಗ ಮಾಡಿ ಕೂಡಿಸುತ್ತದೆ. ಎಲ್ಲರೂ 8ರಷ್ಟೇ ಹಿಂದಿದ್ದಾರೆ ಎಂದುಕೊಂಡರೆ 50 ಸಲ 64, ಅಂದರೆ 3200. ಒಂದೇ ಶಾಲೆಯವರನ್ನು ಒಂದು ಗುಂಪಾಗಿ ಹಿಡಿಯುವ ಕ್ಲಸ್ಟರ್ ಸೂತ್ರ ಮೊದಲು ಶಾಲೆಯೊಳಗೆ ಕೂಡಿಸಿ, ಆಮೇಲೆ ವರ್ಗ ಮಾಡುತ್ತದೆ: ಮೊತ್ತ 400, ವರ್ಗ 1,60,000. ಮಕ್ಕಳ ಏರಿಳಿತಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ ಶಾಲೆಯೊಳಗಿನ ಹೆಚ್ಚು-ಕಡಿಮೆಗಳು ಕೂಡಿಸುವಾಗ ಬಹುಪಾಲು ಅಳಿಸಿಹೋಗಿ, ಎರಡೂ ಲೆಕ್ಕ ಹತ್ತಿರ ಹತ್ತಿರ ಬರುತ್ತವೆ. ಎಲ್ಲರೂ ಒಂದೇ ಕಡೆ ವಾಲಿದಾಗ ಮಾತ್ರ ಈ ಅಂತರ ಕಾಣಿಸುತ್ತದೆ. ಇಡೀ ವಿಧಾನದ ತಿರುಳು ಇಷ್ಟೇ.

ಸರಿ ಎಂದು ಸ್ಟಾಟಾ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ಶಾಲೆಯ ಕೋಡ್ ಕೊಟ್ಟು ಓಡಿಸಿದೆ:

```
regress score treat girl, vce(cluster school)
```

ಸ್ಟ್ಯಾಂಡರ್ಡ್ ಎರರ್ ಹೆಚ್ಚಾಗುವ ಬದಲು 0.9ಕ್ಕೆ ಇಳಿಯಿತು. ಪಿ-ವ್ಯಾಲ್ಯೂ 0.047. ಇನ್ನೂ 0.05ರ ಒಳಗೇ ಇದೆಯಲ್ಲ ಎಂದು ಅಲ್ಲಿಗೇ ನಿಲ್ಲಿಸುವ ಆಸೆ ಬರುವಂಥ ಸಂಖ್ಯೆ. ಆದರೆ ಸ್ಟಾಟಾ ಕೋಷ್ಟಕದ ಮೇಲೆ ಸಣ್ಣದಾಗಿ ಒಂದು ಸಾಲು ಮುದ್ರಿಸುತ್ತದೆ. ಎಷ್ಟು ಕ್ಲಸ್ಟರ್‌ಗಳನ್ನು ಹಿಡಿದು ಲೆಕ್ಕ ಮಾಡಿದೆ ಎಂದು ಹೇಳುವ ಸಾಲು. ಅಲ್ಲಿ 24 ಇರಬೇಕಿತ್ತು, 3 ಎಂದಿತ್ತು. ಸ್ಟ್ಯಾಂಡರ್ಡ್ ಎರರ್ ಇಳಿದರೂ ಪಿ-ವ್ಯಾಲ್ಯೂ ಏರಿದ್ದು ಅದಕ್ಕೇ: 3 ಕ್ಲಸ್ಟರ್ ಎಂದರೆ ಟಿ-ಪರೀಕ್ಷೆಗೆ ಸಿಗುವುದು 2 ಡಿಗ್ರೀಸ್ ಆಫ್ ಫ್ರೀಡಂ ಮಾತ್ರ. ಸಮೀಕ್ಷೆಯವರು ಪ್ರತಿ ಹಳ್ಳಿಯಲ್ಲೂ ಶಾಲೆಗಳಿಗೆ 1, 2, 3 ಎಂದೇ ಸಂಖ್ಯೆ ಕೊಟ್ಟಿದ್ದರು. ಹಾಗಾಗಿ ಎಂಟೂ ಹಳ್ಳಿಗಳ ‘1ನೇ ಶಾಲೆ’ಗಳು ಸೇರಿ ಒಂದೇ ಕ್ಲಸ್ಟರ್ ಆಗಿದ್ದವು. ಕಾರ್ಯಕ್ರಮ ಇದ್ದ ಶಾಲೆ, ಇಲ್ಲದ ಶಾಲೆ ಎಲ್ಲ ಒಂದೇ ರಾಶಿ. ಎರರ್ ಮೆಸೇಜ್ ಏನೂ ಬರಲಿಲ್ಲ, ಬರುವುದೂ ಇಲ್ಲ. ಅಂದಿನಿಂದ ನಾನು ಗುಣಾಂಕಕ್ಕಿಂತ ಮೊದಲು ನೋಡುವುದು ಆ ಸಾಲನ್ನೇ.

```
egen school_uid = group(village school)
regress score treat girl, vce(cluster school_uid)
```

ಈಗ 24 ಕ್ಲಸ್ಟರ್. ಸ್ಟ್ಯಾಂಡರ್ಡ್ ಎರರ್ 3.8, ಟಿ 1.05, ಪಿ-ವ್ಯಾಲ್ಯೂ 0.30. ಅದೇ 4 ಅಂಕ, ಅದೇ ಮಕ್ಕಳು.

ಫಲಿತಾಂಶ ಇಷ್ಟು ಬದಲಾದಾಗ ತಂಡಕ್ಕೆ ವಿವರಿಸುವ ಮೊದಲು ನನಗೇ ಖಾತ್ರಿಯಾಗಬೇಕಿತ್ತು. ಅದಕ್ಕೆ ಎರಡು ದಾರಿ ಹಿಡಿದೆ. ಒಂದು, `loneway score school_uid` ಓಡಿಸಿ ಶಾಲೆಯೊಳಗಿನ ಸಹಸಂಬಂಧ ನೋಡಿದೆ: 0.2. ಎಲ್ಲ ಶಾಲೆಗಳಲ್ಲೂ ಮಕ್ಕಳ ಸಂಖ್ಯೆ ಸಮನಾಗಿರುವಾಗ ಇಂಥ ಹೋಲಿಕೆಯಲ್ಲಿ ವೇರಿಯನ್ಸ್ 1 + (50 − 1) × 0.2, ಅಂದರೆ 10.8 ಪಟ್ಟು ಹಿಗ್ಗುತ್ತದೆ. ಸ್ಟ್ಯಾಂಡರ್ಡ್ ಎರರ್ ಅದರ ವರ್ಗಮೂಲದಷ್ಟು, ಸುಮಾರು 3.3 ಪಟ್ಟು. 1.15ನ್ನು 3.3ರಿಂದ ಗುಣಿಸಿದರೆ 3.8. ಬೇರೆ ಮಾತಿನಲ್ಲಿ, ನಮ್ಮ 1200 ಮಕ್ಕಳು ಕೊಡುತ್ತಿದ್ದ ಮಾಹಿತಿ ಸಂಬಂಧವಿಲ್ಲದ 111 ಮಕ್ಕಳು ಕೊಡುವಷ್ಟು.

ಎರಡನೆಯದು ಇನ್ನೂ ಸರಳ, ನನಗೆ ಹೆಚ್ಚು ಇಷ್ಟವಾದದ್ದೂ ಅದೇ. ಪ್ರತಿ ಶಾಲೆಯ ಸರಾಸರಿ ತೆಗೆದು, 24 ಸಾಲಿನ ಹಾಳೆ ಮಾಡಿ, 12ಕ್ಕೆ 12ರ ಟಿ-ಪರೀಕ್ಷೆ ಮಾಡಿದೆ. ಮತ್ತೆ 3.8. ಸಂಖ್ಯಾಶಾಸ್ತ್ರ ಗೊತ್ತಿಲ್ಲದ ಸಹೋದ್ಯೋಗಿಗಳಿಗೂ ಆ ಹಾಳೆಯೇ ಅರ್ಥವಾಯಿತು. ಎರಡೂ ಗುಂಪಿನ ಸರಾಸರಿಗಳು ಒಂದರೊಳಗೊಂದು ಹೇಗೆ ಬೆರೆತುಕೊಂಡಿವೆ ಎನ್ನುವುದು ಕಣ್ಣಿಗೇ ಕಾಣುತ್ತಿತ್ತು.

24 ಕ್ಲಸ್ಟರ್ ಹಿಡಿದ ರಿಗ್ರೆಶನ್ ಕೋಷ್ಟಕದಲ್ಲಿ ಇನ್ನೊಂದು ಗಮನಿಸುವ ವಿಷಯವಿತ್ತು. ಹೆಣ್ಣುಮಕ್ಕಳ ಗುಣಾಂಕದ ಸ್ಟ್ಯಾಂಡರ್ಡ್ ಎರರ್ 1.15 ಇದ್ದದ್ದು 1.1 ಆಯಿತು, ಹೆಚ್ಚೇನೂ ಬದಲಾಗಲಿಲ್ಲ. ಎಲ್ಲ ಶಾಲೆಯಲ್ಲೂ ಹುಡುಗ ಹುಡುಗಿಯರಿಬ್ಬರೂ ಇದ್ದಾರೆ. ಶಿಕ್ಷಕರ ರಜೆ ಇಬ್ಬರನ್ನೂ ಕೆಳಗೆಳೆಯುವುದರಿಂದ ಅವರ ನಡುವಿನ ಅಂತರಕ್ಕೆ ಅದು ತಗಲುವುದಿಲ್ಲ. ಕಾರ್ಯಕ್ರಮ ಹಾಗಲ್ಲ, ಇದ್ದರೆ ಇಡೀ ಶಾಲೆಗೆ ಇದೆ, ಇಲ್ಲದಿದ್ದರೆ ಯಾರಿಗೂ ಇಲ್ಲ. ಅಂಕಗಳು ಶಾಲೆಯೊಳಗೆ ಹೋಲುವುದಷ್ಟೇ ಸಾಲದು, ನಾವು ಅಳೆಯುತ್ತಿರುವ ಅಂಶವೂ ಶಾಲೆಯೊಳಗೆ ಹೋಲಬೇಕು. ಆಗಲೇ ದೋಷ ಇಷ್ಟು ದೊಡ್ಡದಾಗುವುದು.

ಹಳ್ಳಿಯ ಮಟ್ಟದಲ್ಲಿ ಯಾಕೆ ಕ್ಲಸ್ಟರ್ ಮಾಡಲಿಲ್ಲ ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಲಾಟರಿ ಎತ್ತಿದ್ದು ಶಾಲೆಗಳಿಗೆ, ಒಂದೇ ಹಳ್ಳಿಯಲ್ಲಿ ಎರಡೂ ಬಗೆಯ ಶಾಲೆಗಳಿದ್ದವು, ನಮ್ಮ ಪ್ರಶ್ನೆಯೂ ಈ 24 ಶಾಲೆಗಳ ಬಗ್ಗೆಯೇ ಇತ್ತು. ಲಾಟರಿ ಹಳ್ಳಿಗಳಿಗೇ ಆಗಿದ್ದರೆ, ಅಥವಾ ಈ 8 ಹಳ್ಳಿಗಳಿಂದ ಉಳಿದ ನೂರಾರು ಹಳ್ಳಿಗಳ ಬಗ್ಗೆ ಮಾತಾಡಬೇಕಿದ್ದರೆ, ಹಳ್ಳಿಯೇ ಕ್ಲಸ್ಟರ್ ಆಗಬೇಕಿತ್ತು. ತರಗತಿಯ ಮಟ್ಟಕ್ಕಂತೂ ಇಳಿಯುವ ಹಾಗಿರಲಿಲ್ಲ. ಒಂದೇ ಶಾಲೆಯ ಎರಡು ತರಗತಿಗಳಿಗೆ ಸಂಬಂಧವಿಲ್ಲ ಎಂದಂತಾಗುತ್ತಿತ್ತು.

ಕ್ಲಸ್ಟರ್ ಸೂತ್ರ ನಿಂತಿರುವುದು ಕ್ಲಸ್ಟರ್‌ಗಳು ಬಹಳ ಇವೆ ಎಂಬ ನಂಬಿಕೆಯ ಮೇಲೆ. ಅವು ಕಡಿಮೆಯಾದಷ್ಟೂ ಸ್ಟ್ಯಾಂಡರ್ಡ್ ಎರರ್ ಇರಬೇಕಾದ್ದಕ್ಕಿಂತ ಸಣ್ಣದಾಗಿ ಬರುವ ಸಂಭವ ಹೆಚ್ಚು. 24 ಅಷ್ಟೇನೂ ನೆಮ್ಮದಿಯ ಸಂಖ್ಯೆಯಲ್ಲ. ಹಾಗಾಗಿ ವೈಲ್ಡ್ ಕ್ಲಸ್ಟರ್ ಬೂಟ್‌ಸ್ಟ್ರ್ಯಾಪ್ ಕೂಡ ಮಾಡಿದೆ. ಇಲ್ಲಿ ಇಡೀ ಶಾಲೆಯ ರೆಸಿಡ್ಯುಯಲ್‌ಗಳ ಚಿಹ್ನೆಯನ್ನು ಒಟ್ಟಿಗೇ ಯಾದೃಚ್ಛಿಕವಾಗಿ ತಿರುಗಿಸಿ, ಪರಿಣಾಮವೇ ಇಲ್ಲದಿದ್ದರೆ ಟಿ ಎಷ್ಟೆಷ್ಟು ಬರುತ್ತಿತ್ತು ಎಂದು ನೋಡುತ್ತೇವೆ.

```
boottest treat, reps(9999)
```

ಪಿ-ವ್ಯಾಲ್ಯೂ 24 ಕ್ಲಸ್ಟರ್‌ನ 0.30ಕ್ಕೆ ಹತ್ತಿರವೇ ಬಂತು. ಅನುದಾನ ಕೊಟ್ಟವರು 6 ದೊಡ್ಡ ಶಾಲೆಗಳಿಗೆ ಪ್ರತ್ಯೇಕ ಫಲಿತಾಂಶ ಕೇಳಿದಾಗ ಮಾತ್ರ ಒಪ್ಪಲಿಲ್ಲ. 6 ಶಾಲೆಗಳ ಚಿಹ್ನೆ ತಿರುಗಿಸುವ ಬಗೆಗಳೇ ಒಟ್ಟು 64. ಆ ಬುನಾದಿಯ ಮೇಲೆ ಪರೀಕ್ಷೆ ನಿಲ್ಲದು. 6 ಸರಾಸರಿಗಳನ್ನು ಹಾಗೆಯೇ ಕೊಟ್ಟೆ.

ನಿಖರತೆ ಹೆಚ್ಚಿಸಲು ಉಳಿದಿದ್ದ ದಾರಿ ಬೇಸ್‌ಲೈನ್ ಅಂಕ. ಕಾರ್ಯಕ್ರಮಕ್ಕೆ ಮುಂಚಿನ ಪರೀಕ್ಷೆಯ ಅಂಕ ಸೇರಿಸಿದಾಗ ಶಾಲೆ ಶಾಲೆಗಳ ನಡುವೆ ಮೊದಲೇ ಇದ್ದ ವ್ಯತ್ಯಾಸದ ಬಹುಭಾಗ ಅದರಲ್ಲಿ ಹೋಯಿತು. ಪರಿಣಾಮ 3.4, ಸ್ಟ್ಯಾಂಡರ್ಡ್ ಎರರ್ 2.2. ಪ್ರತಿ ಶಾಲೆಯಲ್ಲಿ ಇನ್ನೂ 50 ಮಕ್ಕಳನ್ನು ಪರೀಕ್ಷಿಸಿದ್ದರೂ ಇಷ್ಟು ಲಾಭವಾಗುತ್ತಿರಲಿಲ್ಲ, ಸಹಸಂಬಂಧ 0.2 ಇರುವಾಗ ಅದು 3.8ನ್ನು 3.7ರ ಆಸುಪಾಸಿಗೆ ತರುತ್ತಿತ್ತು, ಅಷ್ಟೇ.

ವರದಿಯಲ್ಲಿ ಹೀಗೆ ಬರೆದೆ: ಪರಿಣಾಮ 3.4 ಅಂಕ, ಶೇ. 95ರ ವ್ಯಾಪ್ತಿ −1.2ರಿಂದ 8.0, ಕ್ಲಸ್ಟರ್ 24 ಶಾಲೆ. ‘ಪರಿಣಾಮವಿಲ್ಲ’ ಎಂದು ಸಾರಾಂಶದಲ್ಲಿ ಹಾಕಬೇಕೆಂದು ಕೆಲವರು ಹೇಳಿದರು. 8 ಅಂಕದವರೆಗಿನ ಪರಿಣಾಮಕ್ಕೂ ಜಾಗವಿರುವ ವ್ಯಾಪ್ತಿಯನ್ನು ಹಾಗೆ ಓದಲಾಗದು ಎಂದು ಆ ಸಾಲು ತೆಗೆಸಿದೆ. ಮುಂದಿನ ಸುತ್ತಿಗೆ ಶಾಲೆಗೆ 20 ಮಕ್ಕಳಂತೆ 60 ಶಾಲೆ ಕೇಳಿದ್ದೇವೆ. ಮಕ್ಕಳ ಸಂಖ್ಯೆ ಆಗಲೂ 1200ವೇ.