ಮಠಕ್ಕೆ ಹೋಗಿ ಬಂದ ದಿನಚರಿ: ಬರೆಯುವುದು ಹೇಗೆ?

ಏಳನೇ ತರಗತಿಯ ಹುಡುಗಿಯೊಬ್ಬಳು ಬೈಲಕುಪ್ಪೆಯ ನಮ್ಡ್ರೋಲಿಂಗ್ ಮಠ ನೋಡಿ ಬಂದು ಶಾಲೆಯ ಪ್ರಾಜೆಕ್ಟಿಗೆಂದು ಬರೆದಿದ್ದಳು: ‘ಮಠ ತುಂಬಾ ಸುಂದರವಾಗಿತ್ತು. ಮನಸ್ಸಿಗೆ ಶಾಂತಿ ಸಿಕ್ಕಿತು.’ ಇಷ್ಟನ್ನು ಬಸ್ಸು ಹತ್ತದೆಯೂ ಬರೆಯಬಹುದು. ನಾವಿಬ್ಬರೂ ಕುಳಿತು ಅದನ್ನು ಮತ್ತೆ ಬರೆದ ಬಗೆ ಇದು.

ಹೊರಡುವ ಮುನ್ನ ಅರ್ಧ ಪುಟ ಓದಿನ ಟಿಪ್ಪಣಿ ಸಾಕು. ಟಿಬೆಟ್ ಬಿಟ್ಟು ಬಂದವರಿಗೆ ಇಲ್ಲಿ ನೆಲೆ ಸಿಕ್ಕಿದ್ದು 1960ರ ದಶಕದ ಆರಂಭದಲ್ಲಿ. ಟಿಬೆಟಿನ ಗುರು ಪೆನೋರ್ ರಿಂಪೋಚೆ ಈ ಮಠ ಕಟ್ಟಲು ತೊಡಗಿದ್ದು 1963ರಲ್ಲಿ. ಇದು ಟಿಬೆಟಿನ ಬೌದ್ಧ ಧರ್ಮದ ನಿಂಗ್ಮಾ ಎಂಬ ಪರಂಪರೆಯ ಮಠ. ಈ ಅರ್ಧ ಪುಟವನ್ನು ದಿನಚರಿಯೊಳಗೆ ತುರುಕಬೇಡಿ, ಬೇರೆ ಹಾಳೆಯಲ್ಲಿ ಇಡಿ.

ಸ್ಥಳದಲ್ಲಿ ಬಳಸುವ ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿಕೊಳ್ಳಿ: ಕಂಡದ್ದು, ಕೇಳಿದ್ದು, ಅನಿಸಿದ್ದು. ಪ್ರಾರ್ಥನೆ ನಡೆಯುತ್ತಿದ್ದರೆ ಒಳಗೆ ಸುಮ್ಮನೆ ಕುಳಿತು ನೋಡಿ. ಹೊರಗೆ ಬಂದೊಡನೆ ಮೆಟ್ಟಿಲ ಮೇಲೆ ಕುಳಿತು ಬರೆಯಿರಿ, ರಾತ್ರಿಯವರೆಗೆ ಕಾದರೆ ಉಳಿಯುವುದು ‘ಸುಂದರ’ ಮಾತ್ರ. ಯಾರದೇ ಫೋಟೊ ತೆಗೆಯುವ ಮೊದಲು ಕೇಳಿ.

ಮನೆಗೆ ಬಂದ ಮೇಲೆ ಎಲ್ಲವನ್ನೂ ಬರೆಯಹೋಗದೆ ಒಂದೇ ದೃಶ್ಯ ಆರಿಸಿಕೊಳ್ಳಿ. ಅವಳು ಆರಿಸಿದ್ದು ಇದು:

‘ಶನಿವಾರ. ಕೆಂಪು ವಸ್ತ್ರದವರು ಸಾಲಾಗಿ ಕುಳಿತು ಓದುತ್ತಿದ್ದರು. ಪುಸ್ತಕಕ್ಕೆ ಹೊಲಿಗೆಯೇ ಇಲ್ಲ, ಉದ್ದನೆಯ ಬಿಡಿ ಹಾಳೆಗಳು. ಓದಿ ಮುಗಿದದ್ದನ್ನು ಮಗುಚಿ ಆಚೆ ಇಡುತ್ತಿದ್ದರು. ನನ್ನಷ್ಟೇ ವಯಸ್ಸಿನ ಹುಡುಗ ದೊಡ್ಡ ಕೆಟಲ್ ಹಿಡಿದು ಓಡಿ ಬಂದು ಚಹಾ ಬಗ್ಗಿಸಿದ. ಒಬ್ಬರ ಬಟ್ಟಲು ತುಂಬಿ ಚೆಲ್ಲಿತು. ಅವನಿಗೆ ಮನೆಯ ನೆನಪು ಬಂದಿತ್ತು.’

ಕೊನೆಯ ವಾಕ್ಯದ ಬಳಿ ಪೆನ್ಸಿಲ್ ನಿಂತಿತು. ನೆನಪು ಬಂದದ್ದು ನಿನಗೆ ಕಂಡಿತೇ? ಇಲ್ಲ. ಹಾಗಾದರೆ ಅದು ‘ಅನಿಸಿದ್ದು’. ‘ಮನೆಯ ನೆನಪು ಬಂದಿರಬಹುದು ಎಂದು ನನಗೆ ಅನಿಸಿತು’ ಎಂದು ತಿದ್ದಿದಳು. ಮಕ್ಕಳ ದಿನಚರಿ ಹೆಚ್ಚಾಗಿ ಎಡವುವುದು ಇಲ್ಲಿಯೇ. ಚಹಾದ ಕಾರಣವನ್ನು ಅಲ್ಲಿಯ ಹಿರಿಯರೊಬ್ಬರು ಹೇಳಿದ್ದರು: ಪ್ರಾರ್ಥನೆ ಗಂಟೆಗಟ್ಟಲೆ ನಡೆಯುತ್ತದೆ, ಹಾಗಾಗಿ ಕುಳಿತಲ್ಲಿಗೇ ಚಹಾ ಬರುತ್ತದೆ. ಅದು ‘ಕೇಳಿದ್ದು’ ಕಾಲಂಗೆ ಹೋಯಿತು.

ಇನ್ನು ಚಿಂತನೆಯ ಪ್ರಶ್ನೆಗಳು. ‘ಈ ಭೇಟಿಯಿಂದ ಏನು ಕಲಿತೆ?’ ಎಂದು ಕೇಳಿದರೆ ಉಪದೇಶದ ಉತ್ತರವೇ ಬರುತ್ತದೆ, ಶಿಕ್ಷಕರು ದಯವಿಟ್ಟು ಅದನ್ನು ಕೈಬಿಡಲಿ. ಬರೆದ ದೃಶ್ಯದಿಂದಲೇ ಪ್ರಶ್ನೆ ಎತ್ತಿ:

ಪೂಜೆಯ ನಡುವೆ ಚಹಾ ಕಂಡು ನಿನಗೇಕೆ ಅಚ್ಚರಿಯಾಯಿತು? ಪೂಜೆ ಹೇಗಿರಬೇಕೆಂದು ಅಂದುಕೊಂಡಿದ್ದೆ?

ಆ ಹುಡುಗ ನಿನ್ನ ಶಾಲೆಗೆ ಬಂದರೆ ಅವನಿಗೆ ಯಾವುದು ವಿಚಿತ್ರವಾಗಿ ಕಂಡೀತು?

ಅವನನ್ನು ಏನು ಕೇಳಬೇಕೆಂದಿದ್ದೆ? ಏಕೆ ಕೇಳಲಿಲ್ಲ?

ಮೂರನೆಯದಕ್ಕೆ ಅವಳು ಬರೆದದ್ದು: ‘ನಿನ್ನ ಊರು ಯಾವುದು ಎಂದು ಕೇಳಬೇಕೆಂದಿದ್ದೆ. ಯಾವ ಭಾಷೆಯಲ್ಲಿ ಕೇಳುವುದೆಂದು ಯೋಚಿಸುವಷ್ಟರಲ್ಲಿ ಕೆಟಲ್ ಮುಂದಿನ ಸಾಲಿಗೆ ಹೋಗಿತ್ತು.’