ಒಂದು ಲೈನ್ ಹೋದ ಮೇಲೆ ಉಳಿಯುವ ಜಾಗ

ಮಲೆನಾಡಿನ ಒಂದು ಚಿಕ್ಕ ಜಲವಿದ್ಯುತ್ ಘಟಕಕ್ಕೆ ನಾನು ಸ್ಥಿರತೆಯ ಲೆಕ್ಕ ಮಾಡಿಕೊಟ್ಟಿದ್ದೆ. ಅಲ್ಲಿಂದ ಗ್ರಿಡ್‌ಗೆ ಎರಡು ಲೈನ್. ಎರಡೂ ಕಾಡಿನ ನಡುವೆ ಹೋಗುತ್ತವೆ. ಮಳೆಗಾಲ ಬಂತೆಂದರೆ ಸಿಡಿಲು, ಮುರಿದು ಬೀಳುವ ಕೊಂಬೆ ಇದ್ದದ್ದೇ. ಘಟಕದ ಬುಡದಲ್ಲೇ ಒಂದು ಲೈನಿನ ಮೂರೂ ಫೇಸ್ ಶಾರ್ಟ್ ಆದರೆ ಬ್ರೇಕರ್ ಎಷ್ಟು ಹೊತ್ತಿನೊಳಗೆ ತೆರೆಯಬೇಕು ಅನ್ನುವುದು ಪ್ರಶ್ನೆ.

ಶಾರ್ಟ್ ಆದ ಕ್ಷಣ ಕರೆಂಟ್ ಹರಿದರೂ ಪವರ್ ಹೊರಗೆ ಹೋಗುವುದಿಲ್ಲ. ಟರ್ಬೈನಿಗೆ ನೀರು ಮಾತ್ರ ಬೀಳುತ್ತಲೇ ಇರುತ್ತದೆ. ಇಷ್ಟು ಕಡಿಮೆ ಹೊತ್ತಲ್ಲಿ ಗವರ್ನರ್ ಅದನ್ನು ತಗ್ಗಿಸಲಾರದು. ಹಾಗಾಗಿ ರೋಟರ್ ವೇಗ ಹೆಚ್ಚಿ, ಅದರ ಕೋನ ಗ್ರಿಡ್‌ಗಿಂತ ಮುಂದೆ ಹೋಗುತ್ತದೆ. ಬ್ರೇಕರ್ ತೆರೆದ ಮೇಲೆ ಹೊರಹೋಗುವ ಪವರ್ ಒಳಬರುವುದಕ್ಕಿಂತ ಜಾಸ್ತಿಯಾಗಿ ರೋಟರನ್ನು ಹಿಡಿದೆಳೆಯುತ್ತದೆ. ಪವರ್-ಕೋನದ ಗ್ರಾಫಿನಲ್ಲಿ ವೇಗ ಹೆಚ್ಚಿಸಿದ ಜಾಗದಷ್ಟೇ ತಡೆಯುವ ಜಾಗ ಸಿಕ್ಕರೆ ಯಂತ್ರ ಗ್ರಿಡ್ ಜೊತೆ ಉಳಿಯುತ್ತದೆ. ಸಿಗದಿದ್ದರೆ ಸಿಂಕ್ ತಪ್ಪುತ್ತದೆ.

ಪರ್ ಯೂನಿಟ್‌ನಲ್ಲಿ ನನ್ನ ಅಂಕಿಗಳು ಇವು: ಒಳಗಿನ ವೋಲ್ಟೇಜ್ 1.2, ಗ್ರಿಡ್ 1.0. ಯಂತ್ರ ಮತ್ತು ಟ್ರಾನ್ಸ್‌ಫಾರ್ಮರ್ ಸೇರಿ ರಿಯಾಕ್ಟನ್ಸ್ 0.4, ಒಂದೊಂದು ಲೈನಿಗೂ 0.4. ಪವರ್ 1.0, ಯಂತ್ರದ ಜಡತ್ವ ಹೇಳುವ H 3 ಸೆಕೆಂಡ್. ಎರಡೂ ಲೈನ್ ಇದ್ದಾಗ ಗರಿಷ್ಠ ಪವರ್ 1.2/0.6, ಅಂದರೆ 2.0. ಶುರುವಿನ ಕೋನ 30°. ಮೊದಲ ಲೆಕ್ಕದಲ್ಲಿ 182 ಮಿಲಿಸೆಕೆಂಡ್ ಸಮಯ ಸಿಕ್ಕಿತು. ರಿಲೇ 50, ಹಳೆಯ ಬ್ರೇಕರ್ 100, ಒಟ್ಟು 150. ಸಾಕು ಅಂದುಕೊಂಡೆ.

ಗ್ರಾಫ್ ನೋಡಿದ ಹಿರಿಯ ಆಪರೇಟರ್ ಒಬ್ಬರು ಕೇಳಿದರು: "ಸಾರ್, ಬ್ರೇಕರ್ ತೆರೆದ ಮೇಲೆ ಆ ಲೈನ್ ಇರಲ್ಲ ಅಲ್ವಾ?"

ಹೌದಲ್ಲ! ಫಾಲ್ಟ್ ಹೋದ ಮೇಲೂ ನಾನು ಅದೇ 2.0ರ ವಕ್ರರೇಖೆ ಬಳಸಿದ್ದೆ. ಒಂದೇ ಲೈನ್ ಉಳಿದರೆ ರಿಯಾಕ್ಟನ್ಸ್ 0.8, ಗರಿಷ್ಠ ಪವರ್ ಬರೀ 1.5. ದಾಟಬಾರದ ಕೋನವೂ 150°ಯಿಂದ 138°ಗೆ ಇಳಿಯುತ್ತದೆ. ಮತ್ತೆ ಲೆಕ್ಕ ಹಾಕಿದೆ:

```
cos δc = [Pm(δmax − δ0) + Pmax·cos δmax] / Pmax
       = (1.888 − 1.118) / 1.5 = 0.513
δc = 59°
t = √(4H(δc − δ0) / (ω·Pm)) ≈ 0.139 s
```

ಇಲ್ಲಿ δ0 ಶುರುವಿನ ಕೋನ, δc ಅಷ್ಟರೊಳಗೆ ಬ್ರೇಕರ್ ತೆರೆಯಲೇಬೇಕಾದ ಕೋನ, δmax ದಾಟಬಾರದ ಕೋನ. Pm ಟರ್ಬೈನಿನಿಂದ ಒಳಬರುವ ಪವರ್, Pmax ಒಂದೇ ಲೈನಿನ ಗರಿಷ್ಠ ಪವರ್. ಬ್ರಾಕೆಟ್ಟಿನೊಳಗೆ ಕೋನಗಳು ರೇಡಿಯನ್‌ನಲ್ಲಿರಬೇಕು, ω ಅಂದರೆ 314. ಸಿಕ್ಕಿದ್ದು 139, ಬೇಕಾದದ್ದು 150.

ಗ್ರಾಫ್ ಹಾಳೆಯಲ್ಲಿ ಚೌಕ ಎಣಿಸಿಯೂ ನೋಡಿದೆ. 150 ಮಿಲಿಸೆಕೆಂಡಿಗೆ ರೋಟರ್ ಸುಮಾರು 64° ತಲುಪಿರುತ್ತದೆ. ವೇಗ ಹೆಚ್ಚಿಸಿದ ಜಾಗ 0.59, ತಡೆಯಲು ಉಳಿದದ್ದು 0.48. ಯಂತ್ರ ಉಳಿಯುವುದಿಲ್ಲ.

ಬ್ರೇಕರ್ ಬದಲಿಸಲು ಕಾಲ ಬೇಕು. ಅದಕ್ಕೇ ಪವರ್ 0.8ಕ್ಕೆ ಇಳಿಸಿ ಲೆಕ್ಕ ಹಾಕಿದೆ. ಶುರುವಿನ ಕೋನ 24° ಆಯಿತು, ಸಮಯ 200 ಮಿಲಿಸೆಕೆಂಡ್. ಲೋಡ್ ಐದರಲ್ಲೊಂದು ಭಾಗ ಇಳಿಸಿದ್ದಕ್ಕೆ ಸಮಯ 60 ಮಿಲಿಸೆಕೆಂಡ್ ಹೆಚ್ಚಿತು. ಇದು ಮೊದಲ ತೂಗಾಟಕ್ಕೆ ಮಾತ್ರ ಹೇಳುವ ಲೆಕ್ಕ. ಡ್ಯಾಂಪಿಂಗ್, ಎವಿಆರ್ ಯಾವುದೂ ಇದರಲ್ಲಿಲ್ಲ. ಗ್ರಿಡ್ ಕದಲುವುದೇ ಇಲ್ಲ ಎಂದು ನಂಬಿ ಮಾಡಿದ್ದು.

ಹೊಸ ಬ್ರೇಕರ್ ಬರುವ ತನಕ, ಗುಡುಗು ಕೇಳಿದ ಕೂಡಲೇ ಲೋಡ್ 0.8ಕ್ಕೆ ಇಳಿಸಬೇಕೆಂದು ಕಂಟ್ರೋಲ್ ರೂಮಿನ ಲಾಗ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟೆವು.